ಪರಿಚಯ ಪತ್ರದಲ್ಲಿ ಮಾತಾಡುವವರು ಯಾರು?

ತಂದೆಯೊಬ್ಬರು ಮಗಳ ಪರಿಚಯ ಪತ್ರ ಬರೆದು ತಿದ್ದಲು ಕೊಟ್ಟರು. ಅದು ಹೀಗಿತ್ತು:

"ನನ್ನ ಮಗಳು ಬಿ.ಕಾಂ. ಓದಿದ್ದೇನೆ. ಜನನ 12-3-1998, ವಯಸ್ಸು 26. ಎತ್ತರ 5.3. ಬೆಂಗಳೂರಿನಲ್ಲಿ ಕೆಲಸ. ತುಂಬಾ ಸಂಸ್ಕಾರವಂತರು. ರಾತ್ರಿ ಊಟ ಮಾಡುವುದಿಲ್ಲ, ಗಡ್ಡೆ-ಗೆಣಸು ತಿನ್ನುವುದಿಲ್ಲ."

ವಯಸ್ಸನ್ನು ಹಳೆಯ ಪತ್ರದಿಂದ ನಕಲು ಮಾಡಿದ್ದರು. ಗಂಡಿನ ಕಡೆಯವರು ಲೆಕ್ಕ ಹಾಕಿದರೆ, ವಯಸ್ಸು ಮುಚ್ಚಿಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಜನ್ಮ ದಿನಾಂಕ ಒಂದಿದ್ದರೆ ಸಾಕು, ವಯಸ್ಸು ತೆಗೆದೆವು. ಎತ್ತರವನ್ನು ಅಡಿ, ಇಂಚಿನಲ್ಲಿ ಬರೆದೆವು.

'ಮಗಳು' ಎಂದು ಶುರು ಮಾಡಿ 'ಓದಿದ್ದೇನೆ' ಎಂದು ಮುಗಿಸಿದ್ದು ವ್ಯಾಕರಣದ ತಪ್ಪು. ಆದರೆ ಅದೇ ಗೊಂದಲ ಕೊನೆಯ ಸಾಲಿನಲ್ಲೂ ಇತ್ತು. ರಾತ್ರಿ ಊಟ ಮಾಡದವರು ಯಾರು ಎಂದು ಕೇಳಿದೆ. "ನಾನು, ನಮ್ಮ ಮನೆಯವರು" ಎಂದರು. ಮಗಳಿಗೆ ಫೋನ್ ಮಾಡಿಸಿದೆವು. "ಅಪ್ಪಾಜಿ, ಆಫೀಸಿನಿಂದ ಬರುವುದೇ ಎಂಟು ಗಂಟೆಗೆ. ಗಡ್ಡೆ-ಗೆಣಸು ತಿನ್ನಲ್ಲ, ಅಷ್ಟು ಬರೆಯಿರಿ" ಎಂದಳು. ಹಾಗೇ ಬಿಟ್ಟಿದ್ದರೆ, ಆ ನಿಯಮ ನಂಬಿ ಬಂದ ಮನೆಯಲ್ಲಿ ಅವಳೇ ಉತ್ತರ ಕೊಡಬೇಕಿತ್ತು.

'ಸಂಸ್ಕಾರವಂತರು' ಎಂಬ ಮಾತು ಎಲ್ಲ ಪತ್ರದಲ್ಲೂ ಇರುತ್ತದೆ, ಏನನ್ನೂ ತಿಳಿಸುವುದಿಲ್ಲ. ಅದನ್ನೂ ತೆಗೆದೆವು. ತಿದ್ದಿದ ಪತ್ರ:

"ನಮ್ಮ ಮಗಳು ಬಿ.ಕಾಂ. ಓದಿದ್ದಾಳೆ. ಜನನ 12-3-1998. ಎತ್ತರ 5 ಅಡಿ 3 ಇಂಚು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಗಡ್ಡೆ-ಗೆಣಸು ತಿನ್ನುವುದಿಲ್ಲ. ತಂದೆ-ತಾಯಿ ರಾತ್ರಿ ಊಟ ಬಿಟ್ಟಿದ್ದಾರೆ; ಮಗಳಿಗೆ ಕೆಲಸದ ಕಾರಣ ಆ ನಿಯಮವಿಲ್ಲ."

ಪತ್ರ ಕೊಡುವ ಮುನ್ನ ಮಗಳಿಗೋ ಮಗನಿಗೋ ಒಮ್ಮೆ ಓದಿ ಹೇಳಿ. ಪ್ರತಿ ಸಾಲಿಗೂ ಅವರು ಹೌದು ಎನ್ನಬೇಕು.