ತಿರುಗುಮಣೆಯ ಛಾಯಾಚಿತ್ರಗಳಲ್ಲಿ ಉತ್ಪನ್ನದ ಅಳತೆ ಬದಲಾಗದಂತೆ ನೋಡಿಕೊಳ್ಳುವ ಕ್ರಮ

ದೂರದ ಊರಿನ ಖರೀದಿದಾರನು ಸರಕನ್ನು ಕೈಯಲ್ಲಿ ಹಿಡಿದು ನೋಡಲಾರನು. ಆತನು ನಂಬುವುದು ಉತ್ಪನ್ನದ ಮುಂಭಾಗ, ಪಕ್ಕ ಮತ್ತು ಹಿಂಭಾಗದ ಛಾಯಾಚಿತ್ರಗಳನ್ನು. ಈ ಮೂರು ಚಿತ್ರಗಳಲ್ಲಿ ಒಂದೇ ವಸ್ತುವಿನ ಎತ್ತರ ಮೂರು ಬಗೆಯಾಗಿ ಕಂಡರೆ, ಆತನಿಗೆ ಮೊದಲು ಸಂಶಯ ಬರುವುದು ಛಾಯಾಚಿತ್ರದ ಮೇಲಲ್ಲ, ಸರಕಿನ ಮೇಲೆ. ಚಿತ್ರದಲ್ಲಿ ದೊಡ್ಡದಾಗಿ ಕಂಡ ವಸ್ತುವು ಕೈಗೆ ಬಂದಾಗ ಚಿಕ್ಕದಾಗಿದ್ದರೆ ಅದು ಹಿಂದಿರುಗಿ ಬರುತ್ತದೆ. ಹೋಗಿ ಬರುವ ಸಾಗಣೆಯ ವೆಚ್ಚವು ಬಹುತೇಕ ಮಾರಾಟಗಾರನ ತಲೆಯ ಮೇಲೆಯೇ ಬೀಳುತ್ತದೆ.

ಉತ್ಪನ್ನವನ್ನು ಟರ್ನ್‌ಟೇಬಲ್ ಎಂದು ಕರೆಯಲಾಗುವ ತಿರುಗುಮಣೆಯ ಮೇಲಿರಿಸಿ, ಕ್ಯಾಮೆರಾವನ್ನು ಅಲುಗಿಸದೆ, ಮಣೆಯನ್ನು ಮಾತ್ರ ಸಮ ಅಂತರದಲ್ಲಿ ತಿರುಗಿಸುತ್ತಾ ಚಿತ್ರ ತೆಗೆಯುವುದು ಇದಕ್ಕೆ ಇರುವ ಪರಿಹಾರ. ಆದರೆ ತಿರುಗುಮಣೆಯನ್ನು ಕೊಂಡು ತಂದ ಮಾತ್ರಕ್ಕೆ ಅಳತೆ ಸರಿಹೋಗುವುದಿಲ್ಲ. ಅಳತೆ ಕೆಡುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ: ಕ್ಯಾಮೆರಾ ತೀರಾ ಹತ್ತಿರವಿರುವುದು, ವಸ್ತುವು ಮಣೆಯ ನಡುವಿನಿಂದ ಸರಿದಿರುವುದು, ಮತ್ತು ತೆಗೆದ ಚಿತ್ರಗಳನ್ನು ಒಂದೊಂದಾಗಿ ಕತ್ತರಿಸುವುದು. ಇವುಗಳನ್ನು ಚನ್ನಪಟ್ಟಣದ ಮಾದರಿಯ, ಅರಗಿನ ಬಣ್ಣ ಹಚ್ಚಿದ ಒಂದು ಮರದ ಕುದುರೆಯ ಉದಾಹರಣೆಯ ಮೂಲಕ ಪರಿಶೀಲಿಸಬಹುದು. ಗಾಲಿಗಳ ಮೇಲೆ ನಿಂತಿರುವ ಈ ಕುದುರೆಯ ಉದ್ದ 24 ಸೆಂ.ಮೀ., ಅಗಲ 10 ಸೆಂ.ಮೀ., ಎತ್ತರ 18 ಸೆಂ.ಮೀ. ಎಂದಿರಲಿ. ಅದರ ತಲೆಯೂ ಮುಂದಿನ ಗಾಲಿಗಳೂ ನಡುಭಾಗದಿಂದ 10 ಸೆಂ.ಮೀ. ಮುಂದಕ್ಕೆ ಇವೆ.

ಕ್ಯಾಮೆರಾದ ದೂರ

ಹತ್ತಿರವಿರುವುದು ದೊಡ್ಡದಾಗಿಯೂ ದೂರವಿರುವುದು ಚಿಕ್ಕದಾಗಿಯೂ ಕಾಣುವುದು ಎಲ್ಲರಿಗೂ ತಿಳಿದ ಸಂಗತಿ. ಕುದುರೆಯನ್ನು ತಿರುಗಿಸಿದಾಗ ಅದರ ತಲೆಯು ಒಮ್ಮೆ ಕ್ಯಾಮೆರಾದ ಸಮೀಪಕ್ಕೆ ಬರುತ್ತದೆ, ಇನ್ನೊಮ್ಮೆ ದೂರಕ್ಕೆ ಹೋಗುತ್ತದೆ.

ಕ್ಯಾಮೆರಾವು ಮಣೆಯ ನಡುವಿನಿಂದ 60 ಸೆಂ.ಮೀ. ದೂರದಲ್ಲಿದೆ ಎಂದು ಭಾವಿಸಬಹುದು. ಪಕ್ಕದ ನೋಟದಲ್ಲಿ ತಲೆಯು 60 ಸೆಂ.ಮೀ. ದೂರದ ಸಮತಲದಲ್ಲಿಯೇ ಇರುವುದರಿಂದ ಎತ್ತರವು ಸರಿಯಾಗಿ 18 ಸೆಂ.ಮೀ. ಎಂದೇ ತೋರುತ್ತದೆ. ಮುಂಭಾಗದ ನೋಟದಲ್ಲಿ ತಲೆಯು 50 ಸೆಂ.ಮೀ.ಗೆ ಸಮೀಪಿಸುವುದರಿಂದ ಅದೇ ಎತ್ತರವು 21.6 ಸೆಂ.ಮೀ.ನಷ್ಟು ಕಾಣುತ್ತದೆ. ಹಿಂಭಾಗದ ನೋಟದಲ್ಲಿ ತಲೆಯು 70 ಸೆಂ.ಮೀ. ದೂರ ಸರಿಯುವುದರಿಂದ ಅದು 15.4 ಸೆಂ.ಮೀ.ಗೆ ಇಳಿಯುತ್ತದೆ. ಅಂದರೆ ಒಂದೇ ಕುದುರೆಯು ಹಿಂದಿನಿಂದ ನೋಡಿದಾಗಿಗಿಂತ ಮುಂದಿನಿಂದ ನೋಡಿದಾಗ ಶೇಕಡಾ 40ರಷ್ಟು ಎತ್ತರವಾಗಿ ಕಾಣುತ್ತದೆ.

ಅದೇ ಕ್ಯಾಮೆರಾವನ್ನು 240 ಸೆಂ.ಮೀ. ದೂರಕ್ಕೆ ಒಯ್ದರೆ ಮುಂಭಾಗದಲ್ಲಿ 18.8, ಪಕ್ಕದಲ್ಲಿ 18, ಹಿಂಭಾಗದಲ್ಲಿ 17.3 ಸೆಂ.ಮೀ. ಎಂದು ತೋರುತ್ತದೆ. ವ್ಯತ್ಯಾಸವು ಶೇಕಡಾ 9ರೊಳಗೆ ಬರುತ್ತದೆ. ವಸ್ತುವಿನ ಅತಿ ಉದ್ದದ ಅಳತೆಯ ಹತ್ತು ಪಟ್ಟು ದೂರದಲ್ಲಿ ಕ್ಯಾಮೆರಾವನ್ನು ನಿಲ್ಲಿಸಬೇಕೆಂಬ ಸರಳ ಲೆಕ್ಕವನ್ನು ಇಟ್ಟುಕೊಂಡರೆ ಸಾಮಾನ್ಯ ಸರಕುಗಳಿಗೆ ಸಾಕಾಗುತ್ತದೆ. ಕೋಣೆಯಲ್ಲಿ ಸ್ಥಳವಿದ್ದರೆ ಇನ್ನೂ ದೂರ ಹೋಗುವುದು ಮೇಲು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಈ ಹಿಗ್ಗುಕುಗ್ಗುಗಳಿಗೆ ಲೆನ್ಸ್ ಕಾರಣವಲ್ಲ, ದೂರವೊಂದೇ ಕಾರಣ. ದೂರ ಹೋದಾಗ ಚಿಕ್ಕದಾಗುವ ಚಿತ್ರವನ್ನು ಮತ್ತೆ ದೊಡ್ಡದು ಮಾಡುವುದಷ್ಟೇ ಜೂಮ್ ಲೆನ್ಸ್‌ನ ಕೆಲಸ. ಸಾಧಾರಣ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ 240 ಸೆಂ.ಮೀ. ದೂರದಿಂದ ಸುಮಾರು 40 ಸೆಂ.ಮೀ. ಅಗಲದ ಚೌಕಟ್ಟನ್ನು ಪಡೆಯಲು 135 ಮಿ.ಮೀ. ಆಸುಪಾಸಿನ ಲೆನ್ಸ್ ಬೇಕಾಗುತ್ತದೆ. ಮೊಬೈಲ್ ದೂರವಾಣಿಯನ್ನು ಬಳಸುವವರು ಅದರ ದೂರದ ಲೆನ್ಸ್ ಅನ್ನು ಆರಿಸಿಕೊಂಡು, ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳಬೇಕು.

ಮಣೆಯ ನಡುವನ್ನು ಗುರುತಿಸುವುದು

ಕೇಕ್ ಅಲಂಕರಿಸುವವರು ಬಳಸುವ, ಬೇರಿಂಗ್ ಉಳ್ಳ ಸಾಮಾನ್ಯ ತಿರುಗುಮಣೆಯೇ ಈ ಕೆಲಸಕ್ಕೆ ಒದಗುತ್ತದೆ. 30 ಸೆಂ.ಮೀ. ವ್ಯಾಸದ ಮಣೆಯ ಸುತ್ತಳತೆ ಸುಮಾರು 94 ಸೆಂ.ಮೀ. ಅದರ ಅಂಚಿಗೆ ಕಾಗದದ ಪಟ್ಟಿಯನ್ನು ಅಂಟಿಸಿ, 24 ಸಮಭಾಗಗಳಾಗಿ ಗೆರೆ ಹಾಕಿದರೆ ಒಂದೊಂದು ಗೆರೆಗೂ 15 ಡಿಗ್ರಿ ಸಿಗುತ್ತದೆ. ಮುಂಭಾಗ, ಎರಡು ಪಕ್ಕಗಳು ಮತ್ತು ಹಿಂಭಾಗ ಇವು ಪ್ರತಿ ಆರನೆಯ ಗೆರೆಯಲ್ಲಿ ದೊರೆಯುತ್ತವೆ. ಮಣೆಯು ಮಟ್ಟವಾಗಿದೆಯೇ ಎಂಬುದನ್ನು ಗಾರೆಯವರ ರಸಮಟ್ಟದಿಂದ ನೋಡಿಕೊಳ್ಳಬೇಕು.

ಮುಂದಿನದು ವಸ್ತುವಿನ ನಡುವನ್ನು ಮಣೆಯ ನಡುವಿಗೆ ಹೊಂದಿಸುವ ಕೆಲಸ. ಕಣ್ಣಂದಾಜು ಇಲ್ಲಿ ಸಾಲದು. ಕುದುರೆಯ ಬೆನ್ನಿನ ಮಧ್ಯದಲ್ಲಿ, ಎರಡೂ ಪಕ್ಕಗಳಿಂದ ಕಾಣುವಂತೆ, ಬಿಳಿಯ ಚಿಕ್ಕ ಚುಕ್ಕೆಯೊಂದನ್ನು ಅಂಟಿಸಿ ಎಡಪಕ್ಕದ ಒಂದು ಚಿತ್ರವನ್ನೂ, ಮಣೆಯನ್ನು 180 ಡಿಗ್ರಿ ತಿರುಗಿಸಿ ಬಲಪಕ್ಕದ ಒಂದು ಚಿತ್ರವನ್ನೂ ತೆಗೆಯಬೇಕು. 40 ಸೆಂ.ಮೀ. ಅಗಲದ ಚೌಕಟ್ಟನ್ನು 1000 ಪಿಕ್ಸೆಲ್‌ಗಳಲ್ಲಿ ನೋಡಿದರೆ ಒಂದು ಸೆಂ.ಮೀ.ಗೆ 25 ಪಿಕ್ಸೆಲ್ ಆಗುತ್ತದೆ. ಮೊದಲ ಚಿತ್ರದಲ್ಲಿ ಚುಕ್ಕೆಯು ಎಡ ಅಂಚಿನಿಂದ 520ನೇ ಪಿಕ್ಸೆಲ್‌ನಲ್ಲಿಯೂ, ಎರಡನೆಯದರಲ್ಲಿ 480ನೇ ಪಿಕ್ಸೆಲ್‌ನಲ್ಲಿಯೂ ಕಂಡರೆ ವ್ಯತ್ಯಾಸ 40 ಪಿಕ್ಸೆಲ್, ಅಂದರೆ 1.6 ಸೆಂ.ಮೀ. ವಸ್ತುವು ನಡುವಿನಿಂದ ಸರಿದಿರುವುದು ಇದರ ಅರ್ಧದಷ್ಟು, ಅಂದರೆ 0.8 ಸೆಂ.ಮೀ. ಎರಡನೆಯ ಸ್ಥಿತಿಯಲ್ಲಿರುವಾಗಲೇ ಕುದುರೆಯನ್ನು 0.8 ಸೆಂ.ಮೀ. ಬಲಕ್ಕೆ ಸರಿಸಿದರೆ ದೋಷವು ನೀಗುತ್ತದೆ. ಚುಕ್ಕೆಯನ್ನು ಎದೆಯ ಮತ್ತು ಬಾಲದ ಬದಿಯ ನಡುಗೆರೆಗೆ ಅಂಟಿಸಿ, ಮುಂಭಾಗ ಮತ್ತು ಹಿಂಭಾಗದ ಚಿತ್ರಗಳಿಂದ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ನಡುವನ್ನು ತಪ್ಪಿದ ವಸ್ತುವು ಚಿತ್ರಗಳನ್ನು ಸಾಲಾಗಿ ಓಡಿಸಿದಾಗ ನಿಂತಲ್ಲಿ ತಿರುಗದೆ ಓಲಾಡುತ್ತದೆ. ದೋಷವನ್ನು ಗುರುತಿಸಲು ಇದೇ ಸುಲಭದ ಲಕ್ಷಣ.

ಉದ್ದ ಹಿಡಿಯುಳ್ಳ ಪ್ರೆಶರ್ ಕುಕ್ಕರಿನಂತಹ ಸರಕಿನಲ್ಲಿ ಹಿಡಿಯನ್ನೂ ಸೇರಿಸಿ ನಡುವನ್ನು ಲೆಕ್ಕಹಾಕಬಾರದು. ಪಾತ್ರೆಯ ನಡುವೇ ಮಣೆಯ ನಡುವಾಗಬೇಕು. ಆಗ ಪಾತ್ರೆಯು ಎಲ್ಲ ಚಿತ್ರಗಳಲ್ಲಿ ಒಂದೇ ಗಾತ್ರದಲ್ಲಿ ನಿಲ್ಲುತ್ತದೆ, ಹಿಡಿಯೊಂದೇ ಸುತ್ತುತ್ತದೆ.

ಒಮ್ಮೆ ಹೊಂದಿಸಿದ್ದನ್ನು ಬದಲಿಸದಿರುವುದು

ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಮಟ್ಟವಾಗಿ, ವಸ್ತುವಿನ ಅರ್ಧ ಎತ್ತರಕ್ಕೆ ಸರಿಯಾಗಿ ನಿಲ್ಲಿಸಬೇಕು. ಕುದುರೆಯ ವಿಷಯದಲ್ಲಿ ಮಣೆಯಿಂದ 9 ಸೆಂ.ಮೀ. ಎತ್ತರದಲ್ಲಿ ಲೆನ್ಸ್ ಇರಬೇಕು. ಕ್ಯಾಮೆರಾವನ್ನು ಮೇಲಿಟ್ಟು ಕೆಳಕ್ಕೆ ಬಾಗಿಸಿದರೆ ಲಂಬವಾದ ಗೆರೆಗಳು ಕೆಳಗೆ ಕೂಡಿಕೊಳ್ಳುವಂತೆ ಕಾಣುತ್ತವೆ ಮತ್ತು ಗಾಲಿಗಳ ತಳವು ಪ್ರತಿ ನೋಟದಲ್ಲಿಯೂ ಮೇಲೆ ಕೆಳಗೆ ಸರಿಯುತ್ತದೆ.

ನಂತರ ಜೂಮ್ ಉಂಗುರವನ್ನು ಅಂಟುಪಟ್ಟಿಯಿಂದ ಬಿಗಿಯಬೇಕು. ಫೋಕಸ್ ಅನ್ನು ಒಮ್ಮೆ ಹೊಂದಿಸಿ ಸ್ವಯಂಚಾಲಿತ ವ್ಯವಸ್ಥೆಯನ್ನು ನಿಲ್ಲಿಸಬೇಕು. ಅನೇಕ ಲೆನ್ಸ್‌ಗಳಲ್ಲಿ ಫೋಕಸ್ ಬದಲಾದಾಗ ಚಿತ್ರದ ಗಾತ್ರವೂ ಅಲ್ಪಸ್ವಲ್ಪ ಬದಲಾಗುತ್ತದೆ. ಪ್ರತಿ ಚಿತ್ರಕ್ಕೂ ಕ್ಯಾಮೆರಾವೇ ಹೊಸದಾಗಿ ಫೋಕಸ್ ಮಾಡಿದರೆ ಉಳಿದ ಶ್ರಮವೆಲ್ಲ ವ್ಯರ್ಥವಾಗುತ್ತದೆ. ತಲೆಯಿಂದ ಬಾಲದವರೆಗೆ ಸ್ಪಷ್ಟವಾಗಿ ಕಾಣಲು ಎಫ್/16ರಂತಹ ಕಿರಿದಾದ ರಂಧ್ರ ಬೇಕು. ದೀಪಗಳು ನೆಲದ ಮೇಲೆ ಸ್ಥಿರವಾಗಿರಬೇಕು, ಬೆಳಕಿನ ಪ್ರಮಾಣ ಹಾಗೂ ಬಿಳಿ ಬಣ್ಣದ ಹೊಂದಾಣಿಕೆಗಳೂ ಬದಲಾಗಬಾರದು.

ಕತ್ತರಿಸುವಾಗ ಆಗುವ ತಪ್ಪು

ಮೇಲಿನ ಎಲ್ಲವನ್ನೂ ಸರಿಯಾಗಿ ಮಾಡಿದವರೂ ಎಡವುವ ಸ್ಥಳ ಇದು. ಚಿತ್ರಗಳು ಚೌಕವಾಗಿರಲಿ, ವಸ್ತುವು ಚೌಕವನ್ನು ತುಂಬಿಕೊಳ್ಳಲಿ ಎಂಬ ಉದ್ದೇಶದಿಂದ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕತ್ತರಿಸಲಾಗುತ್ತದೆ. 1000 ಪಿಕ್ಸೆಲ್‌ನ ಚೌಕದಲ್ಲಿ ವಸ್ತುವು 900 ಪಿಕ್ಸೆಲ್ ತುಂಬಬೇಕೆಂದು ನಿಶ್ಚಯಿಸಿದರೆ, ಪಕ್ಕದ ನೋಟದಲ್ಲಿ 24 ಸೆಂ.ಮೀ. ಉದ್ದವು 900 ಪಿಕ್ಸೆಲ್ ಆಗುತ್ತದೆ. ಆಗ ಒಂದು ಸೆಂ.ಮೀ.ಗೆ 37.5 ಪಿಕ್ಸೆಲ್, ಕುದುರೆಯ ಎತ್ತರ 675 ಪಿಕ್ಸೆಲ್. ಮುಂಭಾಗದ ನೋಟದಲ್ಲಿ ಅಗಲವು ಕಡಿಮೆಯಾದ್ದರಿಂದ ಎತ್ತರವೇ 900 ಪಿಕ್ಸೆಲ್‌ಗೆ ಏರುತ್ತದೆ. ಪಕ್ಕದ ಚಿತ್ರದ ಅಳತೆಯಿಂದ ಲೆಕ್ಕ ಹಾಕಿದರೆ 18 ಸೆಂ.ಮೀ. ಕುದುರೆಯು 24 ಸೆಂ.ಮೀ. ಎತ್ತರವಾಯಿತು!

ಆದ್ದರಿಂದ ಅತಿ ಅಗಲವಾದ ನೋಟಕ್ಕೆ ತಕ್ಕ ಚೌಕಟ್ಟನ್ನು ಒಮ್ಮೆ ನಿರ್ಧರಿಸಿ, ಅದೇ ಸ್ಥಾನದಲ್ಲಿ, ಅದೇ ಗಾತ್ರದಲ್ಲಿ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಕತ್ತರಿಸಬೇಕು. ಮುಂಭಾಗದ ಚಿತ್ರದಲ್ಲಿ ಎರಡೂ ಬದಿ ಖಾಲಿ ಸ್ಥಳ ಉಳಿಯುತ್ತದೆ, ಅದು ಉಳಿಯಲೇಬೇಕು. ಅಮೆಜಾನ್‌ನಂತಹ ಮಾರಾಟ ತಾಣವು ಮುಖ್ಯ ಚಿತ್ರದಲ್ಲಿ ವಸ್ತುವು ಚೌಕಟ್ಟಿನ ಶೇಕಡಾ 85ರಷ್ಟನ್ನು ತುಂಬಬೇಕೆಂದು ಕೇಳುತ್ತದೆ. ಅಂತಹ ಮುಖ್ಯ ಚಿತ್ರವನ್ನು ಪ್ರತ್ಯೇಕವಾಗಿ ಸಿದ್ಧಪಡಿಸಿ, ಸುತ್ತುನೋಟದ ಸಾಲನ್ನು ಅದರೊಂದಿಗೆ ಬೆರೆಸದಿರುವುದು ಕ್ಷೇಮ.

ಕಳುಹಿಸುವ ಮುನ್ನ ಪರೀಕ್ಷೆ

ವಸ್ತುವನ್ನು ಇರಿಸುವ ಮೊದಲು 18 ಸೆಂ.ಮೀ. ಉದ್ದದ ನೇರವಾದ ಕಡ್ಡಿಯೊಂದನ್ನು ಮಣೆಯ ನಡುವಿನಲ್ಲಿ ನಿಲ್ಲಿಸಿ ನಾಲ್ಕು ದಿಕ್ಕುಗಳಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ನಾಲ್ಕರಲ್ಲಿಯೂ ಕಡ್ಡಿಯ ಎತ್ತರವು ಅದೇ ಪಿಕ್ಸೆಲ್‌ಗಳಲ್ಲಿ, ಅದೇ ಸ್ಥಾನದಲ್ಲಿ ಇರಬೇಕು. ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಕಡ್ಡಿಯನ್ನು ನಿಲ್ಲಿಸಿ ನೋಡಿದರೆ ನಡುವೆ ಟ್ರೈಪಾಡ್ ಅಲುಗಿತ್ತೇ ಎಂಬುದೂ ತಿಳಿಯುತ್ತದೆ. ಕಡ್ಡಿಯ ಅಳತೆ ಸರಿಯಿದ್ದು ಕುದುರೆಯ ತಲೆ ಮಾತ್ರ ಸ್ವಲ್ಪ ಹೆಚ್ಚುಕಡಿಮೆ ಕಂಡರೆ ಅದು ದೂರದ ಸಹಜ ಪರಿಣಾಮ. ಕಡ್ಡಿಯೇ ಬದಲಾಗಿದ್ದರೆ ಅದು ಹೊಂದಾಣಿಕೆಯ ಅಥವಾ ಕತ್ತರಿಸುವಿಕೆಯ ತಪ್ಪು.

ಎಷ್ಟೇ ಎಚ್ಚರ ವಹಿಸಿದರೂ ಛಾಯಾಚಿತ್ರವು ಅಳತೆಯ ನಕ್ಷೆಗೆ ಸಮನಾಗಲಾರದು. ಯಂತ್ರದ ಬಿಡಿಭಾಗಗಳಂತಹ ಸರಕುಗಳಲ್ಲಿ ಮಿಲಿಮೀಟರಿನ ಲೆಕ್ಕವಿದ್ದಾಗ ಆಯಾಮಗಳನ್ನು ನಮೂದಿಸಿದ ನಕ್ಷೆಯನ್ನು ಪ್ರತ್ಯೇಕವಾಗಿ ಕೊಡಲೇಬೇಕು. ಇತರ ಸರಕುಗಳಿಗೂ ಚಿತ್ರಗಳ ಸಾಲಿನ ಕೆಳಗೆ ಉದ್ದ, ಅಗಲ, ಎತ್ತರಗಳನ್ನು ಅಂಕಿಗಳಲ್ಲಿ ಬರೆಯುವುದು ಒಳಿತು. ಬರೆದ ಅಂಕಿಗೂ ಕಂಡ ಚಿತ್ರಕ್ಕೂ ತಾಳೆಯಾದಾಗ, ಸರಕು ತಲುಪಿದ ಮೇಲೆ ಗಾತ್ರದ ವಿಷಯವಾಗಿ ವಿವಾದ ಹುಟ್ಟಲು ಅವಕಾಶವಿರುವುದಿಲ್ಲ.