ವಾರಕ್ಕೆ ಮೂರು ಮಾತ್ರೆ ಅಂದರೆ ಹೇಗೆ?

ಸಂಧಿವಾತಕ್ಕೆ, ಕೆಲವೊಮ್ಮೆ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಗೂ, ವೈದ್ಯರು ಬರೆಯುವ ಒಂದು ಮಾತ್ರೆಯಿದೆ: ಮೆಥೊಟ್ರೆಕ್ಸೇಟ್. ಬೆಲೆ ಹೆಚ್ಚಿಲ್ಲ, ದಶಕಗಳಿಂದ ಬಳಕೆಯಲ್ಲಿದೆ, ಸರಿಯಾಗಿ ನುಂಗಿದರೆ ಬೆರಳು ಮಡಚಲಾಗದವರೂ ಮತ್ತೆ ರೊಟ್ಟಿ ತಟ್ಟುವಂತಾಗುತ್ತಾರೆ. ಆದರೆ ಅದನ್ನು ನುಂಗಬೇಕಾದದ್ದು ವಾರಕ್ಕೆ ಒಂದೇ ದಿನ. ಅದನ್ನೇ ದಿನವೂ ನುಂಗಿದರೆ ಪ್ರಾಣ ಹೋಗಬಹುದು. ಹೀಗೆ ಹೋದ ಪ್ರಾಣಗಳೂ ಇವೆ. ಅದಕ್ಕೇ ಬ್ರಿಟನ್, ಅಮೆರಿಕಗಳ ಔಷಧ ಸುರಕ್ಷತಾ ಸಂಸ್ಥೆಗಳು ಈ ಒಂದು ಮಾತ್ರೆಯ ಬಗ್ಗೆ ಮತ್ತೆ ಮತ್ತೆ ಎಚ್ಚರಿಕೆ ಹೊರಡಿಸುತ್ತಲೇ ಬಂದಿವೆ.

ಕಾರಣ ಸರಳ. ಜೀವಕೋಶ ಒಡೆದು ಎರಡಾಗಲು ಫೋಲಿಕ್ ಆಸಿಡ್ ಬೇಕು; ಅದು ದೇಹದಲ್ಲಿ ಕೆಲಸಕ್ಕೆ ಬರದಂತೆ ಮೆಥೊಟ್ರೆಕ್ಸೇಟ್ ಅಡ್ಡಹಾಕುತ್ತದೆ. ಇದೇ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಕ್ಯಾನ್ಸರಿಗೂ ಕೊಡುವುದು ಅದಕ್ಕೇ. ವಾರಕ್ಕೊಂದು ಸಣ್ಣ ಡೋಸ್ ಕೊಟ್ಟರೆ ಉಳಿದ ಆರು ದಿನಗಳಲ್ಲಿ ದೇಹ ಸುಧಾರಿಸಿಕೊಳ್ಳುತ್ತದೆ. ಆ ಬಿಡುವು ಸಿಗದಿದ್ದರೆ, ಸದಾ ಹೊಸ ಕೋಶಗಳನ್ನು ಹುಟ್ಟಿಸುತ್ತಿರಬೇಕಾದ ಜಾಗಗಳು ಮೊದಲು ಸೋಲುತ್ತವೆ: ಬಾಯಿಯ ಒಳಪದರ, ಕರುಳು, ಮೂಳೆಮಜ್ಜೆ. ಬಾಯಿತುಂಬ ಹುಣ್ಣು, ಗಂಟಲು ನೋವು, ಜ್ವರ, ಏಟಿಲ್ಲದೆಯೂ ಮೈಮೇಲೆ ನೀಲಿ ಕಲೆ. ಮನೆಯವರು ಉಷ್ಣವಾಗಿದೆ ಎಂದು ಎಳನೀರು ಕೊಟ್ಟು, ಮಾತ್ರೆಯನ್ನೂ ಮುಂದುವರಿಸುತ್ತಾರೆ.

ಇಷ್ಟು ಅಪಾಯದ ಮಾತ್ರೆಯ ಸೂಚನೆ ಬರುವುದು ಒಂದು ಚೀಟಿಯಲ್ಲಿ. ನಮ್ಮ ಚೀಟಿಗಳಿಗೆ ಒಂದು ಅಚ್ಚುಕಟ್ಟಾದ ಭಾಷೆಯಿದೆ. 1-0-1 ಎಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಓದು ಬಾರದವರಿಗೂ ಕವರಿನ ಮೇಲೆ ಗೀಟು ಎಳೆದು ತೋರಿಸಬಹುದು. ಆದರೆ ಆ ಮೂರು ಅಂಕಿಗಳಲ್ಲಿ ಇರುವುದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮಾತ್ರ. ವಾರಕ್ಕೆ ಅಲ್ಲಿ ಜಾಗವೇ ಇಲ್ಲ. ವಾರದ ಮಾತ್ರೆ ಬರೆಯಬೇಕಾದ ವೈದ್ಯರು ಅದರ ಪಕ್ಕದಲ್ಲಿ ಒಂದು ಪದ ಸೇರಿಸಬೇಕು. ಆ ಒಂದು ಪದ ಗೀಚಿಹೋದರೆ, ಮಡಿಕೆಯಲ್ಲಿ ಅಳಿಸಿಹೋದರೆ ಕೆಲಸ ಕೆಟ್ಟಿತು. 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ನಿಯಮ ತಿದ್ದಿತು. ಹೆಸರೇನೋ ಸ್ಪಷ್ಟವಾಯಿತು ಎನ್ನೋಣ, ಎಷ್ಟು ದಿನಕ್ಕೊಮ್ಮೆ ಎಂಬುದು ಇನ್ನೂ ಬರೆಯುವವರ ಕೈಯಲ್ಲೇ ಇದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ತಾಲ್ಲೂಕು ಕೇಂದ್ರದ ಒಂದು ಮೆಡಿಕಲ್ ಶಾಪು, ಸಂಜೆ ಏಳು ಗಂಟೆ, ಕೌಂಟರಿನ ಮುಂದೆ ಜನ. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಚೀಟಿ ಚಾಚುತ್ತಾರೆ. ನಾಲ್ಕು ಔಷಧಿಗಳಿವೆ. ಎರಡನೆಯದು ಮೆಥೊಟ್ರೆಕ್ಸೇಟ್ 2.5 ಮಿಲಿಗ್ರಾಂ, ಮುಂದೆ 3 ಎಂಬ ಅಂಕಿ, ಅದರ ಮುಂದೆ ಇಂಗ್ಲಿಷಿನಲ್ಲಿ ವಾರ ಎಂಬ ಪದದ ಹಾಗೆ ಕಾಣುವ ಒಂದು ಗೀಚು. 'ವೀಕ್' ಎಂದಿದೆಯೋ 'ವೀಕ್ಲಿ' ಎಂದಿದೆಯೋ ತಿಳಿಯದು.

ಇದನ್ನು ಮೂರು ಬಗೆಯಲ್ಲಿ ಓದಬಹುದು. ವಾರದಲ್ಲಿ ಒಂದು ದಿನ ಮೂರೂ ಮಾತ್ರೆ ಒಟ್ಟಿಗೆ: ಒಟ್ಟು 7.5 ಮಿಲಿಗ್ರಾಂ, ಸಂಧಿವಾತಕ್ಕೆ ಸಾಮಾನ್ಯವಾಗಿ ಶುರು ಮಾಡುವ ಡೋಸೇ ಅದು. ಇಲ್ಲವೇ ವಾರದಲ್ಲಿ ಮೂರು ಸಲ ಒಂದೊಂದು. ಇದೂ ಹುಚ್ಚು ಊಹೆಯಲ್ಲ, ಸೋರಿಯಾಸಿಸ್‌ಗೆ ಹನ್ನೆರಡು ಗಂಟೆಗಳ ಅಂತರದಲ್ಲಿ ಮೂರು ಸಲ ಹಂಚಿ ಕೊಡುವ ಪದ್ಧತಿ ಹಿಂದಿನಿಂದ ಇದೆ. ಇಲ್ಲವೇ ದಿನಕ್ಕೆ ಮೂರರಂತೆ ಒಂದು ವಾರ. ಹಾಗೆ ಓದಿದರೆ ಆಕೆ ಏಳು ದಿನದಲ್ಲಿ ಇಪ್ಪತ್ತೊಂದು ಮಾತ್ರೆ, ಅಂದರೆ 52.5 ಮಿಲಿಗ್ರಾಂ ನುಂಗುತ್ತಾರೆ. ಆ ವಯಸ್ಸಿಗೆ ಮೂತ್ರಪಿಂಡಗಳ ಕೆಲಸವೂ ನಿಧಾನವಾಗಿರಬಹುದು. ಔಷಧಿ ಬೇಗ ಹೊರಹೋಗುವುದಿಲ್ಲ.

ಕೌಂಟರಿನಲ್ಲಿ ನಿಂತವರು ಈ ಮೂರರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾರೆ? ಆರಿಸಿಕೊಳ್ಳುವುದೇ ಇಲ್ಲ ಎನ್ನುವುದು ನಿಜವಾದ ತೊಂದರೆ. ಬೆಳಗಿನಿಂದ ನೂರಾರು ಚೀಟಿ ನೋಡಿದ ಕಣ್ಣಿಗೆ ಹೆಚ್ಚುಕಡಿಮೆ ಎಲ್ಲ ಮಾತ್ರೆಯೂ ದಿನದ ಮಾತ್ರೆಯೇ. ಶೀತದ ಮಾತ್ರೆ, ಆ್ಯಂಟಿಬಯಾಟಿಕ್, ನೋವಿನ ಮಾತ್ರೆ, ಎಲ್ಲವೂ ದಿನಕ್ಕಿಷ್ಟು, ಇಷ್ಟು ದಿನ. ಹೀಗಾಗಿ ಗೀಚು ಕಂಡೊಡನೆ ಮನಸ್ಸು ತಾನಾಗಿಯೇ ರೂಢಿಯ ಕಡೆಗೆ ವಾಲಿ, 'ದಿನಕ್ಕೆ ಮೂರು, ಒಂದು ವಾರ' ಎಂದು ಓದಿ ಮುಗಿಸಿರುತ್ತದೆ. ತಾನು ಊಹಿಸಿದೆ ಎಂದು ಆ ಮನುಷ್ಯನಿಗೆ ಅನ್ನಿಸುವುದೇ ಇಲ್ಲ, ಓದಿದೆ ಎಂದೇ ಅನ್ನಿಸುತ್ತದೆ. ಅನುಮಾನ ಬಂದರೆ ಕೇಳಿ ಎಂದು ತರಬೇತಿಯಲ್ಲಿ ಹೇಳುವ ಮಾತು ಇಲ್ಲಿ ನಿಷ್ಪ್ರಯೋಜಕ. ಬರದ ಅನುಮಾನಕ್ಕೆ ಯಾರನ್ನು ಕೇಳುವುದು?

ಅದಕ್ಕೇ ಪಳಗಿದ ಫಾರ್ಮಸಿಸ್ಟುಗಳು ಅನುಮಾನಕ್ಕೆ ಕಾಯುವುದಿಲ್ಲ. ಕೆಲವು ಹೆಸರುಗಳು ಕಂಡರೆ ಸಾಕು, ಬರವಣಿಗೆ ಮುತ್ತಿನಂತಿದ್ದರೂ ನಿಲ್ಲುತ್ತಾರೆ. ಮೆಥೊಟ್ರೆಕ್ಸೇಟ್ ಅಂಥ ಒಂದು ಹೆಸರು, ಇನ್ಸುಲಿನ್ ಇನ್ನೊಂದು. ನಿಂತ ಮೇಲೆ ಮೊದಲು ಪರೀಕ್ಷಿಸುವುದು ಲೆಕ್ಕವನ್ನು. ಒಂದು ತಿಂಗಳಿಗೆ ಬರೆದಿದ್ದರೆ ವಾರದ ಮಾತ್ರೆ ಹನ್ನೆರಡಾಗಬೇಕು. ಚೀಟಿಯಲ್ಲಿ ಹತ್ತರ ಒಂಬತ್ತು ಪಟ್ಟಿ ಕೇಳಿದ್ದರೆ ಎಲ್ಲೋ ತಪ್ಪಿದೆ. ಅದೇ ಚೀಟಿಯಲ್ಲಿ ಫೋಲಿಕ್ ಆಸಿಡ್ ಇದೆಯೇ ಎಂದೂ ನೋಡುತ್ತಾರೆ. ಕಡಿಮೆ ಡೋಸಿನ ಮೆಥೊಟ್ರೆಕ್ಸೇಟ್ ಜೊತೆ ಅದನ್ನು ಬೇರೆ ದಿನ ಕೊಡುವುದು ರೂಢಿ. ಎರಡೂ ಎಷ್ಟೋ ಸಲ ಪುಟ್ಟ ಹಳದಿ ಮಾತ್ರೆಗಳೇ ಆದ್ದರಿಂದ, ಮನೆಯಲ್ಲಿ ಒಂದರ ಬದಲು ಇನ್ನೊಂದನ್ನು ದಿನವೂ ನುಂಗುವ ಅಪಾಯ ಬೇರೆ.

ರೋಗಿಯನ್ನೂ ವಿಚಾರಿಸಬೇಕು. "ಅಮ್ಮಾ, ಇದು ಯಾತಕ್ಕೆ ಕೊಟ್ಟಿದಾರೆ? ಹೇಗೆ ತಗೋಬೇಕು ಅಂದ್ರು?" ಕೀಲುನೋವು ಎಂದರೆ ಒಂದು ಎಳೆ ಸಿಕ್ಕಿತು. "ವಾರ ಅಂತ ಏನೋ ಅಂದ್ರಪ್ಪ" ಎಂದರೆ ಇನ್ನೊಂದು ಎಳೆ, ಆದರೆ ಗಂಟು ಬಿಡಲಿಲ್ಲ. ಒಂದು ವಾರವೋ, ವಾರಕ್ಕೊಮ್ಮೆಯೋ ಎನ್ನುವುದೇ ತಾನೇ ಪ್ರಶ್ನೆ? ಅದನ್ನು ಬಿಡಿಸಬಲ್ಲವರು ಬರೆದವರೊಬ್ಬರೇ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಎತ್ತುವುದು ಬಹುಮಟ್ಟಿಗೆ ರಿಸೆಪ್ಷನ್ನಿನವರು. "ಬರೆದ ಹಾಗೇ ಕೊಡಿ" ಎಂಬ ಉತ್ತರ ಬಂದರೆ ಒಬ್ಬರ ಊಹೆ ಇಬ್ಬರದಾಯಿತು, ಅಷ್ಟೇ.

ವೈದ್ಯರು ಸಿಕ್ಕ ಮೇಲೂ ಕೇಳುವ ರೀತಿಯಲ್ಲಿ ಸೋಲಬಹುದು. "ಸರ್, ಮೆಥೊಟ್ರೆಕ್ಸೇಟ್ ಬರೆದಿದೀರಲ್ಲ, ಸರಿ ಇದೆಯಾ?" ಎಂದರೆ, ಎದುರಿಗೆ ಇನ್ನೊಬ್ಬ ರೋಗಿಯನ್ನು ಕೂರಿಸಿಕೊಂಡ ವೈದ್ಯರು "ಹೂಂ, ಸರಿ ಇದೆ" ಎಂದು ಫೋನಿಡುತ್ತಾರೆ. ಅವರ ಮನಸ್ಸಿನಲ್ಲಿ ವಾರಕ್ಕೊಮ್ಮೆ, ಇವರ ಮನಸ್ಸಿನಲ್ಲಿ ದಿನಕ್ಕೆ ಮೂರು. ಇಬ್ಬರಿಗೂ ಸರಿ ಇದೆ! "ವಾರಕ್ಕೊಮ್ಮೆ ಅಲ್ವಾ ಸರ್?" ಎಂದು ಉತ್ತರವನ್ನು ಬಾಯಿಗಿಟ್ಟು ಕೇಳುವುದು ಸ್ವಲ್ಪ ವಾಸಿ, ಆದರೂ ಅರ್ಧ ಕಿವಿಯಲ್ಲಿ ಕೇಳಿ ಹೂಂಗುಟ್ಟಲು ದಾರಿ ಇದ್ದೇ ಇದೆ. ಹೂಂ ಅಥವಾ ಊಹೂಂ ಎಂದು ತಪ್ಪಿಸಿಕೊಳ್ಳಲಾಗದಂತೆ ಪ್ರಶ್ನೆ ಇರಬೇಕು:

"ಡಾಕ್ಟ್ರೇ, ಇವತ್ತು ಸಂಜೆ ಬಂದಿದ್ದ ಕೀಲುನೋವಿನ ಪೇಶೆಂಟು. ಮೆಥೊಟ್ರೆಕ್ಸೇಟ್ ಎರಡೂವರೆ, ಮೂರು ಮಾತ್ರೆ ಅಂತಿದೆ. ಮೂರನ್ನೂ ವಾರದಲ್ಲಿ ಒಂದು ದಿನ ಕೊಡಬೇಕೋ, ಬೇರೆ ಬೇರೆ ಹೊತ್ತಿಗೆ ಹಂಚಬೇಕೋ, ಇಲ್ಲಾ ದಿನಾ ಮೂರರ ಹಾಗೆ ಒಂದು ವಾರವೋ? ಒಂದು ದಿನ ಅಂದ್ರೆ ಯಾವ ದಿನ ಅಂತ ಹೇಳಲಿ?"

"ಅಯ್ಯೋ, ದಿನಾ ಕೊಟ್ಟುಬಿಟ್ಟೀಯಮ್ಮ! ವಾರಕ್ಕೊಂದೇ ದಿನ, ಮೂರೂ ಒಟ್ಟಿಗೆ. ಬುಧವಾರ ಅಂತ ಹೇಳು. ಫೋಲಿಕ್ ಆಸಿಡ್ ಶುಕ್ರವಾರ."

"ಬುಧವಾರ ಮೂರು ಮಾತ್ರೆ ಒಟ್ಟಿಗೆ, ಶುಕ್ರವಾರ ಫೋಲಿಕ್ ಆಸಿಡ್. ತಿಂಗಳಿಗೆ ಹನ್ನೆರಡು ಮಾತ್ರೆ ಕೊಡ್ತೀನಿ."

ಕೊನೆಯ ಆ ಸಾಲು ಬರಿಯ ಶಿಷ್ಟಾಚಾರವಲ್ಲ. ಕೇಳಿಸಿಕೊಂಡದ್ದನ್ನು ತಿರುಗಿ ಒಪ್ಪಿಸುವಾಗ ಎಷ್ಟು ಮಾತ್ರೆ ಎಂಬ ಹೊಸ ಲೆಕ್ಕವನ್ನೂ ಸೇರಿಸಿದರೆ, ವಾರ ತಪ್ಪಿ ಕೇಳಿದ್ದರೂ ಸಂಖ್ಯೆಯಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಚೀಟಿಯ ಮೇಲೆ ಯಾರ ಜೊತೆ, ಎಷ್ಟು ಹೊತ್ತಿಗೆ ಮಾತಾಯಿತು ಎಂದು ಬರೆದಿಡಬೇಕು, ಕವರಿನ ಮೇಲೆ ಕನ್ನಡದಲ್ಲಿ 'ಬುಧವಾರ ಮಾತ್ರ' ಎಂದು ಬರೆಯಬೇಕು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಚೀಟಿ ಪರಿಶೀಲಿಸುವುದನ್ನೂ ರೋಗಿಗೆ ತಿಳಿಹೇಳುವುದನ್ನೂ ಫಾರ್ಮಸಿಸ್ಟರ ಕೆಲಸವೆಂದೇ ಹೇಳುತ್ತವೆ. ಕೌಂಟರಿನಲ್ಲಿ ಇರುವುದು ಫಾರ್ಮಸಿಸ್ಟೋ ಅವರ ಕೈಕೆಳಗಿನ ಹುಡುಗನೋ ಎನ್ನುವುದು ಬೇರೆ ಮಾತು.

ಹಾಗೆಂದು ಎಲ್ಲಕ್ಕೂ ಫೋನ್ ಮಾಡಲಾಗದು. ಅದೇ ಚೀಟಿಯ ನಾಲ್ಕನೆಯ ಸಾಲಿನಲ್ಲಿ ನೋವಿಗೆ ಹಚ್ಚುವ ಜೆಲ್ ಇದೆ, ದಿನಕ್ಕೆ ಎಷ್ಟು ಸಲ ಎಂದಿಲ್ಲ. ಪ್ಯಾಕೆಟ್ಟಿನ ಮೇಲೆ ಇರುವುದನ್ನು ಹೇಳಿ ಕೊಡಬಹುದು. ಇದಕ್ಕೂ ಅದಕ್ಕೂ ಫೋನ್ ಮಾಡುವ ಅಂಗಡಿಯ ನಂಬರು ಕಂಡರೆ ವೈದ್ಯರು ಎತ್ತುವುದನ್ನೇ ಬಿಡುತ್ತಾರೆ, ಆಗ ನಿಜವಾಗಿ ಬೇಕಾದ ಪ್ರಶ್ನೆಗೂ ಉತ್ತರವಿಲ್ಲ. ಜೆಲ್ಲಿನಲ್ಲಿ ಊಹೆ ತಪ್ಪಿದರೆ ನಾಳೆ ತಿದ್ದಬಹುದು. ಮೂಳೆಮಜ್ಜೆ ಸೋತರೆ ಹಾಗಲ್ಲ, ಆಸ್ಪತ್ರೆಗೆ ಸೇರಿಸಿ ಫೋಲಿನಿಕ್ ಆಸಿಡ್ ಕೊಟ್ಟರೂ ಎಲ್ಲರೂ ಉಳಿಯುತ್ತಾರೆಂಬ ಭರವಸೆಯಿಲ್ಲ.

ವೈದ್ಯರು ಸಿಗಲೇ ಇಲ್ಲವೆಂದರೆ? ಇದಕ್ಕೂ ಮೆಥೊಟ್ರೆಕ್ಸೇಟಿನ ಗುಣದಲ್ಲೇ ಉತ್ತರವಿದೆ. ನಿಧಾನವಾಗಿ, ವಾರಗಳ ಮೇಲೆ ಪರಿಣಾಮ ತೋರಿಸುವ ಔಷಧಿಯದು. ಒಂದೆರಡು ದಿನ ತಡವಾದರೆ ಕೀಲಿಗೆ ನಷ್ಟವಿಲ್ಲ. ಉಳಿದದ್ದನ್ನು ಕೊಟ್ಟು, ಇದೊಂದನ್ನು ತಡೆಹಿಡಿದು, "ನಾಳೆ ಡಾಕ್ಟರನ್ನ ಕೇಳಿ ಕೊಡ್ತೀನಮ್ಮ" ಎನ್ನಬಹುದು. ಆಕೆ ಬೇಸರಪಟ್ಟು ಪಕ್ಕದ ಅಂಗಡಿಗೆ ಹೋಗುವ ಸಂಭವವೂ ಇದೆ, ಅಲ್ಲಿ ಕೇಳದೆ ಕೊಟ್ಟುಬಿಡಲೂಬಹುದು. ಆದ್ದರಿಂದ ಚೀಟಿ ಹಿಂದಿರುಗಿಸುವ ಮೊದಲು ಆ ಸಾಲಿನ ಪಕ್ಕ 'ವೈದ್ಯರನ್ನು ಕೇಳಬೇಕು' ಎಂದು ಬರೆದು, ಕಾರಣವನ್ನು ಆಕೆಗೂ ಜೊತೆಗೆ ಬಂದವರಿಗೂ ಬಿಡಿಸಿ ಹೇಳುವುದು ಕ್ಷೇಮ.

ಮನೆಯಲ್ಲಿ ಈ ಮಾತ್ರೆ ನುಂಗುವವರಿದ್ದರೆ ಇನ್ನೊಂದು ಜಾಗದಲ್ಲಿ ಎಚ್ಚರ ಬೇಕು. ಬಿದ್ದು ಕಾಲು ಮುರಿದೋ, ನ್ಯುಮೋನಿಯಾ ಆಗಿಯೋ ಆಸ್ಪತ್ರೆಗೆ ಸೇರಿದಾಗ "ಏನೇನು ಮಾತ್ರೆ ತಗೋತಾರೆ?" ಎಂದು ಕೇಳಿ ಬರೆದುಕೊಳ್ಳುತ್ತಾರೆ. ಮಾತ್ರೆಯ ಪಟ್ಟಿ ಕೊಟ್ಟರೆ ಹೆಸರೂ ಡೋಸೂ ಸಿಗುತ್ತವೆ, ವಾರ ಸಿಗುವುದಿಲ್ಲ. ವಾರ್ಡಿನ ಚಾರ್ಟಿನಲ್ಲಿ ಪ್ರತಿದಿನಕ್ಕೂ ಒಂದೊಂದು ಖಾನೆ ಇರುತ್ತದೆ, ರಾತ್ರಿ ಪಾಳಿಯ ನರ್ಸು ಖಾಲಿ ಖಾನೆ ಕಂಡು ಮಾತ್ರೆ ಕೊಡುತ್ತಾರೆ. ಅದನ್ನು ತಡೆಯಲು ಒಳ್ಳೆಯ ವಾರ್ಡುಗಳಲ್ಲಿ ಮಾಡುವುದು ಇಷ್ಟು: ಬರೆಯುವಾಗಲೇ ಆ ಒಂದು ದಿನವನ್ನು ಬಿಟ್ಟು ಉಳಿದ ಆರು ಖಾನೆಗಳಿಗೆ ಅಡ್ಡಗೀಟು ಎಳೆದುಬಿಡುತ್ತಾರೆ. ನಿಮ್ಮವರ ಚಾರ್ಟಿನಲ್ಲಿ ಆ ಗೀಟುಗಳಿವೆಯೇ ಎಂದು ನರ್ಸನ್ನು ಕೇಳಿ ನೋಡಬಹುದು.