ವಾರದ ಹಾಜರಿ, ಶನಿವಾರದ ಬಟವಾಡೆ

ಕೈವಾರವೆಂದೊಡನೆ ಯಾತ್ರಿಕರ ಕಣ್ಣಮುಂದೆ ಬರುವುದು ಅಮರನಾರಾಯಣಸ್ವಾಮಿಯ ದೇಗುಲ, ನಾರೇಯಣ ಯತೀಂದ್ರರ ಮಠ, ಭೀಮ ಬಕಾಸುರರ ಕಥೆಯನ್ನು ಹೊತ್ತು ನಿಂತ ಬೆಟ್ಟ. ಚಿಂತಾಮಣಿ ತಾಲ್ಲೂಕಿನ ಈ ಊರಿನಲ್ಲಿ ಯಾತ್ರಿಕರ ಕಣ್ಣಿಗೆ ಬೀಳದ ಇನ್ನೊಂದು ವ್ಯವಹಾರವೂ ಉಂಟು. ಶನಿವಾರದ ಇಳಿಹೊತ್ತಿನಲ್ಲಿ, ಅರ್ಧ ಎದ್ದ ಗೋಡೆಯ ನೆರಳಿನಲ್ಲಿ, ಸಿಮೆಂಟಿನ ಮೂಟೆಯ ಮೇಲೆ ಒಂದು ಉದ್ದನೆಯ ಪುಸ್ತಕ ತೆರೆದುಕೊಳ್ಳುತ್ತದೆ. ಸುತ್ತ ನಿಂತವರು ಕೈಕಾಲು ತೊಳೆದುಕೊಂಡು ಬಂದಿದ್ದಾರೆ. ಆ ವಾರ ಅವರ ಮನೆಯಲ್ಲಿ ಒಲೆ ಹೇಗೆ ಉರಿಯಬೇಕೆಂಬುದು ಆ ಪುಸ್ತಕದ ಒಂದು ಸಾಲಿನಲ್ಲಿ ಅಡಗಿದೆ. ಅದೇ ಹಾಜರಿ ಮತ್ತು ಕೂಲಿಯ ಪುಸ್ತಕ; ಕಚೇರಿಯವರ ಬಾಯಲ್ಲಿ ಮಸ್ಟರ್ ರೋಲ್.

ಇಂಥ ಊರುಗಳಲ್ಲಿ ಮನೆ ಕಟ್ಟಿಸುವವರು ಎರಡು ದಾರಿ ಹಿಡಿಯುತ್ತಾರೆ. ಒಂದು, ಚದರಕ್ಕೆ ಇಷ್ಟೆಂದು ಮೇಸ್ತ್ರಿಗೆ ಕೂಲಿಯ ಗುತ್ತಿಗೆ ಕೊಡುವುದು. ನೂರು ಚದರಡಿಗೆ ಒಂದು ಚದರ. ಇನ್ನೊಂದು, ಒಬ್ಬ ಮೇಲ್ವಿಚಾರಕನನ್ನು ನಿಲ್ಲಿಸಿ ದಿನಗೂಲಿಯ ಮೇಲೆ ಕೆಲಸ ಮಾಡಿಸುವುದು. ಮೊದಲನೆಯದರಲ್ಲಿ ಯಾರು ಎಷ್ಟು ದಿನ ಬಂದರೆಂಬುದು ಮೇಸ್ತ್ರಿಯ ಚಿಂತೆ. ಎರಡನೆಯದರಲ್ಲಿ ಅದು ಮೇಲ್ವಿಚಾರಕನ ಚಿಂತೆ, ಮನೆಯೊಡೆಯನ ಖರ್ಚು. ಆರು ಚದರದ ಪುಟ್ಟ ಮನೆಯೊಂದರ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆಯೆಂದೂ, ಅಲ್ಲಿ ಆರು ಜನ ದುಡಿಯುತ್ತಿದ್ದಾರೆಂದೂ ಇಟ್ಟುಕೊಂಡು ಒಂದು ವಾರದ ಹಾಳೆಯನ್ನು ಓದಿ ನೋಡಬಹುದು. ಕೂಲಿಯ ದರಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಲೆಕ್ಕದ ಕ್ರಮ ಮಾತ್ರ ಎಲ್ಲ ಕಡೆಯೂ ಒಂದೇ.

ಹಾಳೆಯ ಎಡದಂಚಿನಲ್ಲಿ ಕ್ರಮಸಂಖ್ಯೆ, ಹೆಸರು, ಕೆಲಸದ ಬಗೆ, ದಿನದ ದರ. ಆಮೇಲೆ ವಾರದ ದಿನಗಳಿಗೆ ಒಂದೊಂದು ಮನೆ. ಬಲಗಡೆ ಒಟ್ಟು ದಿನ, ಒಟ್ಟು ಕೂಲಿ, ಕಡಿತ, ಕೈಗೆ ಬರುವ ಹಣ, ಕೊನೆಯಲ್ಲಿ ಸಹಿ ಅಥವಾ ಹೆಬ್ಬೆಟ್ಟಿನ ಗುರುತು. ಪೂರ್ತಿ ದಿನಕ್ಕೆ 1, ಅರ್ಧ ದಿನಕ್ಕೆ ½. ತೆಲುಗು ಮನೆಮಾತಿನ ಆಳುಗಳು ಈ ಅರ್ಧವನ್ನೇ ‘ಪೂಟ’ ಎನ್ನುವುದುಂಟು. ಬಾರದವನ ಮನೆಯನ್ನು ಅನುಭವವುಳ್ಳ ಮೇಲ್ವಿಚಾರಕ ಎಂದಿಗೂ ಖಾಲಿ ಬಿಡುವುದಿಲ್ಲ, ಅಲ್ಲಿ 0 ಬರೆಯುತ್ತಾನೆ. ಖಾಲಿ ಮನೆಯಲ್ಲಿ ನಾಳೆ ಯಾರು ಬೇಕಾದರೂ 1 ಎಂದು ಗೀಚಬಹುದು. ಸೊನ್ನೆಯನ್ನು ಒಂದಾಗಿಸಬೇಕಾದರೆ ತಿದ್ದಿದ ಗುರುತು ಉಳಿದೇ ಉಳಿಯುತ್ತದೆ.

ಹಾಜರಿ ಹಾಕುವುದು ದಿನಕ್ಕೆ ಎರಡು ಸಲ: ಬೆಳಿಗ್ಗೆ ಕೆಲಸ ಹಿಡಿದಾಗ ಒಮ್ಮೆ, ಊಟವಾದ ಮೇಲೆ ಇನ್ನೊಮ್ಮೆ. ಬೆಳಗಿನ ಗುರುತು ಅರ್ಧ ಗೀಟು, ಮಧ್ಯಾಹ್ನದ್ದು ಅದನ್ನು ಪೂರ್ತಿ ಮಾಡುವ ಗೀಟು. ಈ ಶಿಸ್ತು ತಪ್ಪಿದೆಯೋ ಇಲ್ಲವೋ ಎಂಬುದನ್ನು ಹಾಳೆಯೇ ಹೇಳಿಬಿಡುತ್ತದೆ. ಆರು ದಿನದ ಗುರುತುಗಳೂ ಒಂದೇ ಶಾಯಿಯಲ್ಲಿ, ಒಂದೇ ಒತ್ತಡದಲ್ಲಿ, ಮಣ್ಣಿನ ಕಲೆಯೊಂದೂ ಇಲ್ಲದೆ ಸಾಲಾಗಿ ನಿಂತಿದ್ದರೆ ಅದು ಶನಿವಾರ ಕುಳಿತು ನೆನಪಿನಿಂದ ಬರೆದದ್ದು. ಬುಧವಾರದ ಅರ್ಧ ದಿನ ಶನಿವಾರದ ನೆನಪಿನಲ್ಲಿ ಉಳಿಯುವುದು ಅಪರೂಪ. ಉಳಿದರೂ ದುಡಿದವನ ನೆನಪು ಒಂದು, ಬರೆದವನ ನೆನಪು ಇನ್ನೊಂದು.

ಈಗ ಲೆಕ್ಕಕ್ಕೆ ಬರೋಣ. ಇಬ್ಬರು ಗಾರೆಯವರಿಗೆ ದಿನಕ್ಕೆ 900 ರೂಪಾಯಿ, ಇಬ್ಬರು ಗಂಡಾಳುಗಳಿಗೆ 700, ಇಬ್ಬರು ಹೆಣ್ಣಾಳುಗಳಿಗೆ 600. ಮೊದಲನೆಯ ಗಾರೆಯಾತ ಆರು ದಿನವೂ ಬಂದು 5,400 ದುಡಿದ. ಎರಡನೆಯಾತ ಗುರುವಾರ ಬರಲಿಲ್ಲ, ಐದು ದಿನಕ್ಕೆ 4,500. ಮೊದಲನೆಯ ಗಂಡಾಳು ಬುಧವಾರ ಮಧ್ಯಾಹ್ನ ನೆಂಟರ ಮನೆಯ ಕಾರ್ಯಕ್ಕೆ ಹೋದ, ಐದೂವರೆ ದಿನಕ್ಕೆ 3,850. ಎರಡನೆಯ ಗಂಡಾಳು ಕೆಲಸಕ್ಕೆ ಸೇರಿದ್ದೇ ಬುಧವಾರ, ನಾಲ್ಕು ದಿನಕ್ಕೆ 2,800. ಮೊದಲನೆಯ ಹೆಣ್ಣಾಳು ಆರು ದಿನಕ್ಕೆ 3,600. ಎರಡನೆಯಾಕೆ ಮೊದಲನೆಯ ಗಂಡಾಳಿನ ಮಡದಿ. ಬುಧವಾರ ಗಂಡನ ಜೊತೆಗೇ ಹೊರಟಳು, ಶನಿವಾರ ಬರಲಿಲ್ಲ. ನಾಲ್ಕೂವರೆ ದಿನಕ್ಕೆ 2,700. ಒಟ್ಟು 31 ಆಳುದಿನ, ಒಟ್ಟು ಕೂಲಿ 22,850 ರೂಪಾಯಿ.

ಈ 31 ಸರಿಯೋ ಎಂದು ನೋಡುವ ಉಪಾಯ ಸುಲಭವಾದದ್ದು. ಅಡ್ಡಸಾಲುಗಳನ್ನು ಕೂಡಿದಂತೆಯೇ ಪ್ರತಿ ದಿನದ ಕೆಳಸಾಲನ್ನೂ ಕೂಡಬೇಕು: ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ ಐದೈದು, ಶುಕ್ರವಾರ ಆರು, ಶನಿವಾರ ಐದು. ಕೂಡಿದರೆ 31. ಎರಡು ದಾರಿಯಿಂದ ಬಂದ ಮೊತ್ತಗಳು ಒಂದಾಗದಿದ್ದರೆ ಹಣದ ಚೀಲಕ್ಕೆ ಕೈ ಹಾಕುವ ಮೊದಲೇ ತಪ್ಪನ್ನು ಹುಡುಕಬೇಕು. ಬುಧವಾರದ ಐದರಲ್ಲಿ ಇನ್ನೊಂದು ಪಾಠವಿದೆ. ಅಂದು ಕೆಲಸಕ್ಕೆ ಬಂದ ತಲೆಗಳು ಆರು. ಇಬ್ಬರದು ಅರ್ಧರ್ಧ ದಿನವಾದ್ದರಿಂದ ಲೆಕ್ಕಕ್ಕೆ ಬಂದದ್ದು ಐದು. ತಲೆ ಎಣಿಸುವುದು ಬೇರೆ, ದಿನ ಎಣಿಸುವುದು ಬೇರೆ.

ಜಗಳ ಹುಟ್ಟುವುದು ಹೆಚ್ಚಾಗಿ ಹಾಜರಿಯಲ್ಲಲ್ಲ, ಕಡಿತದಲ್ಲಿ. ಆಳುಗಳು ಪಡೆಯುವ ಮುಂಗಡದಲ್ಲಿ ಎರಡು ಜಾತಿ. ವಾರದ ನಡುವೆ ಖರ್ಚಿಗೆಂದು ತೆಗೆದುಕೊಳ್ಳುವ ಹಣ ಆ ಶನಿವಾರವೇ ತೀರಿಹೋಗುತ್ತದೆ. ನಮ್ಮ ಹಾಳೆಯಲ್ಲಿ ಮೊದಲನೆಯ ಗಾರೆಯಾತನ 1,000, ಮೊದಲನೆಯ ಗಂಡಾಳಿನ 500 ಈ ಬಗೆಯವು. ಕಾಯಿಲೆಗೋ ಮಕ್ಕಳ ಶಾಲೆಗೋ ಪಡೆದ ದೊಡ್ಡ ಮೊತ್ತ ಹಾಗಲ್ಲ, ವಾರವಾರವೂ ಸ್ವಲ್ಪ ಸ್ವಲ್ಪವಾಗಿ ಕಳೆಯುತ್ತದೆ. ಮೊದಲನೆಯ ಹೆಣ್ಣಾಳು ಹಿಂದಿನ ವಾರ ಪಡೆದ 3,000ಕ್ಕೆ ವಾರಕ್ಕೆ 600ರಂತೆ ಐದು ಕಂತು. ಹಾಳೆಯಲ್ಲಿ ‘ಕಡಿತ 600’ ಎಂದಷ್ಟೇ ಬರೆದರೆ ಸಾಲದು. ‘ಹಿಂದಿನ ಬಾಕಿ 3,000, ಈ ವಾರ 600, ಉಳಿದದ್ದು 2,400’ ಎಂದು ಮೂರನ್ನೂ ಬರೆದು, ಉಳಿದದ್ದನ್ನು ಮುಂದಿನ ಹಾಳೆಯ ತಲೆಗೆ ಒಯ್ಯಬೇಕು. ಹೀಗೆ ಒಯ್ಯದ ಪುಸ್ತಕದಲ್ಲಿ ಐದು ಕಂತಿನ ಸಾಲ ಆರನೆಯ ವಾರವೂ ಕಡಿತವಾಗುವುದನ್ನು ತಡೆಯುವವರಿಲ್ಲ. ಓದು ಬಾರದ ಹೆಂಗಸು ಬೆರಳೆಣಿಸಿಕೊಂಡು ಕೇಳಿದರೆ ತೋರಿಸಲು ಪುಟವೂ ಇರುವುದಿಲ್ಲ.

ಕಡಿತ ಒಟ್ಟು 2,100, ಹಂಚಬೇಕಾದದ್ದು 20,750. ಬ್ಯಾಂಕಿಗೆ ಹೋಗುವ ಮುನ್ನ ಮೇಲ್ವಿಚಾರಕ ನೋಟುಗಳ ಪಟ್ಟಿ ಮಾಡಿಕೊಳ್ಳುತ್ತಾನೆ: ಐನೂರರ 39, ಇನ್ನೂರರ 5, ನೂರರ 2, ಐವತ್ತರದು 1. ಒಬ್ಬೊಬ್ಬರ ಹಣಕ್ಕೂ ಬೇಕಾದ ನೋಟುಗಳನ್ನು ಬೇರೆ ಬೇರೆ ಎಣಿಸಿದ ಪಟ್ಟಿ ಇದು. ಚಿಲ್ಲರೆ ಇಲ್ಲವೆಂದು ಇಬ್ಬರ ಹಣವನ್ನು ಒಬ್ಬನ ಕೈಗೆ ಕೊಟ್ಟು ‘ಹಂಚಿಕೊಳ್ಳಿ’ ಎಂದರೆ ಪುಸ್ತಕದ ಲೆಕ್ಕ ಅಲ್ಲಿಗೇ ಮುರಿದುಬೀಳುತ್ತದೆ. ಫೋನಿನ ಮೂಲಕ ಖಾತೆಗೆ ಹಣ ಕಳಿಸುವ ಇಂದಿನ ಕ್ರಮದಲ್ಲಿ ಚಿಲ್ಲರೆಯ ತೊಡಕು ಇಲ್ಲ. ಆದರೆ ಯಾರ ಖಾತೆಗೆ ಎಂಬ ಪ್ರಶ್ನೆ ಅಲ್ಲಿಯೂ ಉಳಿದಿದೆ.

ಆ ಪ್ರಶ್ನೆ ನಮ್ಮ ಹಾಳೆಯಲ್ಲಿಯೇ ಏಳುತ್ತದೆ. ಎರಡನೆಯ ಹೆಣ್ಣಾಳು ಶನಿವಾರ ಬಂದಿಲ್ಲ, ಅವಳ ಗಂಡ ಎದುರಿಗೇ ನಿಂತಿದ್ದಾನೆ. ಅವಳ 2,700ನ್ನು ಅವನಿಗೆ ಕೊಟ್ಟು ಅವನ ಸಹಿ ಹಾಕಿಸಿಕೊಳ್ಳುವುದು ಸುಲಭ, ಹಲವು ಕಡೆ ನಡೆಯುವುದೂ ಹಾಗೆಯೇ. ಆದರೆ ಅವಳ ಸಾಲಿನಲ್ಲಿ ಅವಳದೇ ಗುರುತು ಬೀಳಬೇಕು. ಎಚ್ಚರಿಕೆಯ ಮೇಲ್ವಿಚಾರಕ ‘ಬಾಕಿ’ ಎಂದು ಬರೆದು, ಹಣವನ್ನು ಕಟ್ಟಿಟ್ಟು, ಸೋಮವಾರ ಅವಳು ಬಂದೊಡನೆ ಅವಳ ಕೈಗೇ ಕೊಟ್ಟು ತಾರೀಖು ಹಾಕಿ ಹೆಬ್ಬೆಟ್ಟು ಒತ್ತಿಸುತ್ತಾನೆ.

ದರದ ಸಾಲು ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಗಂಡಾಳು ಇಟ್ಟಿಗೆ ಹೊತ್ತು ಗಾರೆ ಕಲೆಸುತ್ತಾನೆ. ಹೆಣ್ಣಾಳು ಗಾರೆಯ ಬಾಂಡಲಿ ಹೊತ್ತು ಇಟ್ಟಿಗೆ ಎತ್ತಿಕೊಡುತ್ತಾಳೆ. ಅವನಿಗೆ 700, ಅವಳಿಗೆ 600. ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿಯೆಂದು 1976ರ ಸಮಾನ ವೇತನ ಕಾಯಿದೆ ಹೇಳಿತ್ತು; 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ನಮ್ಮ ಹಾಳೆಯಲ್ಲಿ ಇಬ್ಬರು ಹೆಂಗಸರ ಹತ್ತೂವರೆ ದಿನಕ್ಕೆ ಈ ಅಂತರ 1,050 ರೂಪಾಯಿ. ಬಾಯಿಮಾತಿನಲ್ಲಿ ‘ಇಲ್ಲಿ ಹಾಗೇ ನಡೆದುಬಂದಿದೆ’ ಎನ್ನಬಹುದು. ಪುಸ್ತಕದಲ್ಲಿ ಅದು ಅಂಕಿಯಾಗಿ ನಿಲ್ಲುತ್ತದೆ.

ಇಲ್ಲದ ಆಳಿನ ಹೆಸರು ಸೇರಿಸುವುದು ಈ ಪುಸ್ತಕಕ್ಕೆ ಅಂಟಿದ ಹಳೆಯ ರೋಗ. ರಾಜಸ್ಥಾನದ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ 1994ರ ಡಿಸೆಂಬರ್ 2ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸರ್ಕಾರಿ ಕಾಮಗಾರಿಗಳ ದಾಖಲೆಯನ್ನು ಜನರೆದುರಿಗೆ ಗಟ್ಟಿಯಾಗಿ ಓದಿದರು. ಅಂಥ ಜನಸುನವಾಯಿಗಳು ಮುಂದುವರಿದಂತೆ ಮಸ್ಟರ್ ರೋಲುಗಳ ಸುಳ್ಳು ಹೆಸರುಗಳು ಬಯಲಾದವು. 2005ರ ಮಾಹಿತಿ ಹಕ್ಕು ಕಾಯಿದೆಗೆ ಹಾದಿ ಮಾಡಿದ ಹೋರಾಟಗಳಲ್ಲಿ ಇದು ಮುಖ್ಯವಾದದ್ದು. ಪುಟ್ಟ ಮನೆಯ ಒಡೆಯನೂ ಅದೇ ಉಪಾಯ ಹಿಡಿಯಬಹುದು: ಬಟವಾಡೆಗೆ ಮುಂಚೆ ಒಂದೊಂದು ಸಾಲನ್ನೂ ಎಲ್ಲರಿಗೂ ಕೇಳುವಂತೆ ಓದಿಸುವುದು. ಗಾರೆಯವರ ದಿನಗಳೂ ಎದ್ದ ಗೋಡೆಯೂ ಹಿಂದಿನ ವಾರದಷ್ಟೇ ಇದ್ದು, ಆಳುಗಳ ದಿನ ಮಾತ್ರ ಏರಿದ್ದರೆ ಕಾರಣ ಕೇಳಬೇಕು.

ತಾರಸಿಗೆ ಕಾಂಕ್ರೀಟ್ ಹಾಕುವ ದಿನ ಮಾತ್ರ ಈ ಪುಸ್ತಕದ ಕೈಗೆ ಸಿಗುವುದಿಲ್ಲ. ಅಂದು ಮಿಕ್ಸರಿನೊಡನೆ ಬರುವ ಹೊರಗಿನ ತಂಡಕ್ಕೆ ಒಟ್ಟು ಗುತ್ತಿಗೆಯ ಹಣ ಸಲ್ಲುತ್ತದೆ. ಆ ತಂಡದವರ ಹೆಸರುಗಳನ್ನು ಯಾರೂ ಬರೆಯುವುದಿಲ್ಲ; ಅವರ ದುಡಿಮೆ ಕಾಂಕ್ರೀಟಿನಲ್ಲಿ ಉಳಿದು ಕಾಗದದಲ್ಲಿ ಅಳಿಯುತ್ತದೆ.

ಕಾಗದದಲ್ಲಿ ಉಳಿಯುವುದೇಕೆ ಮುಖ್ಯವೆಂಬುದಕ್ಕೆ ಉತ್ತರ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿದೆ. 1996ರ ಕಾಯಿದೆಯ ಮೇರೆಗೆ, 18ರಿಂದ 60 ವರ್ಷದೊಳಗಿನ ಕಾರ್ಮಿಕ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ಫಲಾನುಭವಿಯಾಗಿ ನೋಂದಾಯಿಸಿಕೊಳ್ಳಬಹುದೆಂದಾಯಿತು. ಪಿಂಚಣಿ, ಹೆರಿಗೆ, ಚಿಕಿತ್ಸೆ, ಮಕ್ಕಳ ಓದು ಮೊದಲಾದ ನೆರವುಗಳ ಬಾಗಿಲು ಅದು. ನಮ್ಮ ಹಾಳೆಯ ವೇಗದಲ್ಲಿಯೇ ದುಡಿದರೆ ಮೊದಲನೆಯ ಗಾರೆಯಾತನಿಗೆ 90 ದಿನ ತುಂಬಲು 15 ವಾರ ಸಾಕು. ಎರಡನೆಯ ಹೆಣ್ಣಾಳಿಗೆ 20 ವಾರ ಬೇಕು. ವಾರಕ್ಕೆ ನಾಲ್ಕೇ ದಿನ ಸಿಕ್ಕುವವನಿಗೆ 22 ವಾರ ಕಳೆದರೂ ಎರಡು ದಿನ ಕೊರತೆ. ಅಂಥವನ ಪಾಲಿಗೆ ಮೇಲ್ವಿಚಾರಕ ಬರೆಯಲು ಮರೆತ ಒಂದೊಂದು ಅರ್ಧ ದಿನವೂ ದೊಡ್ಡದೇ. ಕೆಲಸ ಮಾಡಿಸಿದವರು ಬರೆದುಕೊಡುವ ಪತ್ರಕ್ಕೆ ಆಧಾರವೆಂದರೆ ಇದೇ ಪುಸ್ತಕ.

ಗೃಹಪ್ರವೇಶವಾದ ಮೇಲೆ ಸಾಮಾನ್ಯವಾಗಿ ಈ ಪುಸ್ತಕ ಸಿಮೆಂಟಿನ ಖಾಲಿ ಚೀಲಗಳ ಜೊತೆ ಹರಿದ ಕಾಗದದ ಗಾಡಿಗೆ ಹೋಗುತ್ತದೆ. ಬೀರುವಿನ ಮೂಲೆಯಲ್ಲಿ ಅದಕ್ಕೆ ಬೇಕಾಗುವ ಜಾಗ ಒಂದು ಗೇಣು. ನೋಂದಣಿಗೆ ಹೋದ ಹೆಣ್ಣಾಳು ಒಂದು ವರ್ಷದೊಳಗೆ ಬಂದು ‘ಅಣ್ಣಾ, ನಾನು ಎಷ್ಟು ದಿವಸ ಬಂದಿದ್ದೆ ಅಂತ ಬರೆದುಕೊಡಿ’ ಎಂದು ಕೇಳಿದರೆ, ಪುಟ ತಿರುವಿ ನೋಡಿ ಹೇಳಲು ಅಷ್ಟು ಜಾಗ ಸಾಕು.